ಬ್ಲೇಡಿಗೆ ಒಗ್ಗುವ ಚಿತ್ರ

ಮನೆಯಲ್ಲೇ ಸ್ಟಿಕ್ಕರ್ ಮಾಡಿ ಮಾರುವವರಲ್ಲಿ ಚಿತ್ರ ಬರೆಯಲು ಬಾರದವರು ಈಗ ಎಐ ತಂತ್ರಾಂಶಗಳನ್ನು ನೆಚ್ಚಿಕೊಂಡಿದ್ದಾರೆ. ಬೇಕಾದ ಚಿತ್ರ ಹೇಗಿರಬೇಕೆಂದು ನಾಲ್ಕು ಸಾಲಿನಲ್ಲಿ ಬರೆದುಕೊಟ್ಟರೆ, ಅಂದರೆ ಪ್ರಾಂಪ್ಟ್ ಕೊಟ್ಟರೆ, ಚಿತ್ರ ಸಿದ್ಧ. ‘ಡೈ ಕಟ್ ಸ್ಟಿಕ್ಕರ್ ಶೀಟ್, ದಪ್ಪ ಔಟ್‌ಲೈನ್, ಬ್ಲೀಡ್ ಇರಲಿ’ ಎಂದು ಬರೆದವರಿಗೆ ಥೇಟ್ ಅಂಗಡಿಯ ಸ್ಟಿಕ್ಕರ್ ಹಾಳೆಯೇ ಪರದೆಯ ಮೇಲೆ ಬಂದು ಕೂರುತ್ತದೆ. ಪ್ರತಿ ಚಿತ್ರದ ಸುತ್ತ ಬಿಳಿ ಅಂಚು, ಅಂಚಿನ ಕೆಳಗೆ ತೆಳು ಬೂದು ನೆರಳು. ತೊಂದರೆ ಶುರುವಾಗುವುದೇ ಇಲ್ಲಿಂದ. ಬಂದಿರುವುದು ಸ್ಟಿಕ್ಕರ್ ಹಾಳೆಯ ಫೋಟೊದಂಥದ್ದೇ ಹೊರತು ಯಂತ್ರಕ್ಕೆ ಕೊಡಬಹುದಾದ ಫೈಲ್ ಅಲ್ಲ. ಆ ಬೂದು ನೆರಳೂ ಕಾಗದದ ಮೇಲೆ ಅಚ್ಚಾಗುತ್ತದೆ. ಎಲ್ಲಿ ಕತ್ತರಿಸಬೇಕೆಂಬ ಗೆರೆ ಮಾತ್ರ ಎಲ್ಲೂ ಇರುವುದಿಲ್ಲ.

ಹೀಗಾಗಿ ಪ್ರಾಂಪ್ಟಿನಿಂದ ಏನು ಪಡೆಯಬಹುದು, ಕೈಯಿಂದ ಏನು ಮಾಡಬೇಕು ಎಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳುವುದು ಲೇಸು. ದಪ್ಪ ಔಟ್‌ಲೈನ್ ಮತ್ತು ಸರಳ ಆಕಾರವನ್ನು ಪ್ರಾಂಪ್ಟ್ ಕೊಡಬಲ್ಲದು. ಬ್ಲೀಡ್ ಮತ್ತು ಕತ್ತರಿಸುವ ಗೆರೆಯನ್ನು ಕೊಡಲಾರದು.

ದಪ್ಪ ಔಟ್‌ಲೈನ್ ಚೆಂದಕ್ಕಷ್ಟೇ ಅಂತ ಹಲವರ ಎಣಿಕೆ. ಅದರ ಅಸಲಿ ಕೆಲಸ ಯಂತ್ರದ ತಪ್ಪನ್ನು ನುಂಗುವುದು. ಮೊದಲು ಪ್ರಿಂಟರಿನಲ್ಲಿ ಅಚ್ಚು, ಆಮೇಲೆ ಬೇರೆ ಯಂತ್ರದಲ್ಲಿ ಕಟ್ಟಿಂಗ್. ಹಾಳೆಯ ಮೂಲೆಗಳಲ್ಲಿ ಅಚ್ಚಾದ ಕಪ್ಪು ಗುರುತುಗಳನ್ನು ಯಂತ್ರದ ಕಣ್ಣು ಓದಿ ಜಾಗ ಲೆಕ್ಕ ಹಾಕುತ್ತದಾದರೂ ಅರ್ಧ ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲು. ಔಟ್‌ಲೈನ್ 0.7 ಮಿ.ಮೀ. ಇದ್ದು ಬ್ಲೇಡು ಅರ್ಧ ಮಿ.ಮೀ. ಸರಿದರೆ ಒಂದು ಕಡೆ ಗೆರೆ 0.2ಕ್ಕೆ ಇಳಿದು ಇನ್ನೊಂದು ಕಡೆ 1.2ಕ್ಕೆ ಏರುತ್ತದೆ. ಎಂಥವರ ಕಣ್ಣಿಗೂ ಅದು ಸೊಟ್ಟ. ಅದೇ ಗೆರೆ 2 ಮಿ.ಮೀ. ಇದ್ದರೆ ಒಂದೂವರೆ ಒಂದು ಕಡೆ, ಎರಡೂವರೆ ಇನ್ನೊಂದು ಕಡೆ. ಹುಡುಕಿ ನೋಡಿದವರಿಗೆ ಮಾತ್ರ ಕಂಡೀತು.

ಆದರೆ ಎರಡೂವರೆ ಆಗಬೇಕಾದರೆ ಕತ್ತರಿಸುವ ಗೆರೆಯ ಹೊರಗೂ ಕಪ್ಪು ಬಣ್ಣ ಇರಬೇಕಲ್ಲ? ಅದೇ ಬ್ಲೀಡ್. ಗೆರೆಯಾಚೆ ಸುಮಾರು 2 ಮಿ.ಮೀ. ಬಣ್ಣವನ್ನು ಬೇಕೆಂದೇ ಹರಿಯಬಿಡುವುದು. ಅದಿಲ್ಲದಿದ್ದರೆ ಬ್ಲೇಡು ಸರಿದ ಕಡೆ ಕೂದಲೆಳೆಯಂಥ ಬಿಳಿ ಅಂಚು ಹಲ್ಲು ಕಿಸಿಯುತ್ತದೆ. ಸ್ಟಿಕ್ಕರಿಗೆ ಬಿಳಿ ಅಂಚೇ ಬೇಕೆನ್ನುವವರಿಗೆ ಬಿಳಿ ಹಾಳೆಯ ಮೇಲೆ ಈ ತಾಪತ್ರಯವಿಲ್ಲ, ಹಾಳೆಯೇ ಬ್ಲೀಡ್.

ಒಂದು ಉದಾಹರಣೆ ಹಿಡಿದು ಹೋಗೋಣ. ನಮ್ಮ ತಿಂಡಿಗಳ ಒಂದು ಸ್ಟಿಕ್ಕರ್ ಹಾಳೆ, ಎ5 ಅಳತೆ, ಆರು ಸ್ಟಿಕ್ಕರು: ಫಿಲ್ಟರ್ ಕಾಫಿ, ತಟ್ಟೆ ಇಡ್ಲಿ, ಮದ್ದೂರು ವಡೆ, ಮಸಾಲೆ ದೋಸೆ, ಮೈಸೂರು ಪಾಕು, ಪಡ್ಡು. ಒಂದೊಂದೂ ಹೆಚ್ಚುಕಡಿಮೆ 50 ಮಿ.ಮೀ. ಆರನ್ನೂ ಒಂದೇ ಚಿತ್ರದಲ್ಲಿ ಕೇಳುವ ಆಸೆ ಸಹಜ, ಆದರೆ ಲೆಕ್ಕ ಕೂಡಿಬರುವುದಿಲ್ಲ. ಸಾಮಾನ್ಯವಾಗಿ ಸಿಗುವ 1024 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸಾಲಿಗೆ ಮೂರರಂತೆ ಕೂತರೆ ಒಂದಕ್ಕೆ ದಕ್ಕುವುದು 300 ಚಿಲ್ಲರೆ ಪಿಕ್ಸೆಲ್. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಬೇಕು, ಅಂದರೆ 50 ಮಿ.ಮೀ.ಗೆ ಸುಮಾರು 590. ಅರ್ಧದಷ್ಟೇ ಇರುವ ಚಿತ್ರದ ಅಂಚು ಮಸುಕಾಗದೆ ಇನ್ನೇನು? ಆದ್ದರಿಂದ ಒಂದು ಸಲಕ್ಕೆ ಒಂದೇ ತಿಂಡಿ. ಕಾಫಿಗೆ ನಾನಾದರೆ ಹೀಗೆ ಬರೆಯುತ್ತೇನೆ:

```
one steel coffee tumbler standing in its small bowl,
flat colours, four colours only, thick even black outline,
single closed shape, rounded corners, no steam, no text,
no shadow, no gradient, no border, plain light green background
```

‘ಸ್ಟಿಕ್ಕರ್’, ‘ಡೈ ಕಟ್’ ಎಂಬ ಮಾತೇ ಇದರಲ್ಲಿಲ್ಲ. ಹಾಕಿದರೆ ಬಿಳಿ ಅಂಚು ಮತ್ತು ನೆರಳು ಕರೆಯದೆಯೂ ಬರುತ್ತವೆ. ಹಿನ್ನೆಲೆ ಬಿಳಿಯ ಬದಲು ತಿಳಿಹಸಿರು ಏಕೆಂದರೆ ಸ್ಟೀಲ್ ಲೋಟ ತಾನೇ ಬಿಳಿಗೆ ಹತ್ತಿರ. ಔಟ್‌ಲೈನ್ ಎಲ್ಲಾದರೂ ಚೂರು ಬಿಟ್ಟುಹೋಗಿದ್ದರೆ ಹಿನ್ನೆಲೆ ತೆಗೆಯುವಾಗ ಲೋಟದ ಹೊಟ್ಟೆಯೂ ಜೊತೆಗೆ ಹೋಗುತ್ತದೆ. ಹಬೆ ಬೇಡವೆಂದದ್ದಕ್ಕೂ ಕಾರಣವಿದೆ. ಲೋಟದ ಮೇಲೆ ತೇಲುವ ಎರಡು ಎಳೆ ಹಬೆ ಮೂಲ ಆಕಾರಕ್ಕೆ ಅಂಟಿಕೊಂಡಿರುವುದಿಲ್ಲ, ಕತ್ತರಿಸಿದರೆ ಅವೇ ಎರಡು ಪುಟ್ಟ ಸ್ಟಿಕ್ಕರುಗಳಾಗುತ್ತವೆ. ಅಂಟಿಸಿ ಬರೆದರೂ ಅಷ್ಟು ಸಪೂರದ ಬಾಲ ಹಾಳೆಯಿಂದ ಬಿಡಿಸುವಾಗ ಹರಿಯುತ್ತದೆ. ಚೂಪು ಮೂಲೆಯ ಕಥೆಯೂ ಅದೇ: ಬ್ಲೇಡು ಅಲ್ಲಿ ಗಕ್ಕನೆ ತಿರುಗಬೇಕು, ತಿರುಗುವಾಗ ಮೂಲೆಯನ್ನು ಎತ್ತಿಬಿಡುತ್ತದೆ. ಎತ್ತದೆ ಉಳಿದರೂ ಬಾಟಲಿಗೋ ಮೊಬೈಲಿಗೋ ಅಂಟಿಸಿದ ಮೇಲೆ ಮೊದಲು ಕಿತ್ತುಬರುವುದು ಆ ತುದಿಯೇ. ಮೈಸೂರು ಪಾಕಿನ ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿದರೆ ರುಚಿಯೇನೂ ಕೆಡುವುದಿಲ್ಲ.

ಅಕ್ಷರವನ್ನಂತೂ ಎಐಗೆ ಬಿಡಬಾರದು. ಕನ್ನಡದ ಒತ್ತಕ್ಷರಗಳನ್ನು ಅದು ಆಗಾಗ ತಿರುಚುತ್ತದೆ. ‘ಪಡ್ಡು’ ಎಂದು ಬೇಕಿದ್ದರೆ ಬಾಲೂ ತಮ್ಮದಂಥ ದಪ್ಪ ಫಾಂಟಿನಲ್ಲಿ ಆಮೇಲೆ ನೀವೇ ಬರೆದು ಸೇರಿಸಿ.

ಚಿತ್ರ ಬಂದ ಮೇಲೆ ಕೆಲಸ ಇಂಕ್‌ಸ್ಕೇಪಿನಲ್ಲಿ, ತಂತ್ರಾಂಶ ಉಚಿತ. ಹಿನ್ನೆಲೆ ತೆಗೆದ ಚಿತ್ರವನ್ನು `Trace Bitmap` ಮೂಲಕ ಗೆರೆಯಾಗಿಸಿ, ಒಳಗಿನ ತೂತುಗಳನ್ನೆಲ್ಲ ಅಳಿಸಿ, ಲೋಟ ಬಟ್ಟಲುಗಳ ಹೊರ ಆಕಾರವೊಂದನ್ನೇ ಉಳಿಸಿಕೊಳ್ಳಬೇಕು. `Simplify` ಕೊಟ್ಟರೆ ಗೆರೆಯ ತರಚು ನಯವಾಗುತ್ತದೆ. ಅದರ ಒಂದು ಪ್ರತಿ ಕತ್ತರಿಸುವ ಗೆರೆ. ಇನ್ನೊಂದು ಪ್ರತಿಗೆ ಕಪ್ಪು ತುಂಬಿ, `Outset` ಬಳಸಿ 2 ಮಿ.ಮೀ. ಉಬ್ಬಿಸಿ ಚಿತ್ರದ ಅಡಿಗೆ ತಳ್ಳಿದರೆ ಬ್ಲೀಡ್ ಆಯಿತು. ಉಬ್ಬುವ ಅಳತೆಯನ್ನು `Preferences` ಒಳಗಿನ `Steps` ಎಂಬಲ್ಲಿ ಮೊದಲೇ 2 ಮಿ.ಮೀ. ಎಂದು ಕೊಟ್ಟಿರಬೇಕು. ಆರೂ ಸ್ಟಿಕ್ಕರುಗಳನ್ನು ಹಾಳೆಯಲ್ಲಿ ಜೋಡಿಸುವಾಗ ಎರಡರ ಕತ್ತರಿಸುವ ಗೆರೆಗಳ ನಡುವೆ ಕನಿಷ್ಠ 5 ಮಿ.ಮೀ. ಬಿಡಿ. ಎರಡೂ ಕಡೆಯ ಬ್ಲೀಡಿಗೇ ನಾಲ್ಕು ಹೋಗುತ್ತದೆ.

ಸ್ವಂತ ಯಂತ್ರ ಇಲ್ಲದವರು ಫೈಲನ್ನು ಪ್ರಿಂಟಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಹಾಫ್ ಕಟ್ಟಾ, ಫುಲ್ ಕಟ್ಟಾ ಅಕ್ಕ?’ ಫುಲ್ ಕಟ್ ಎಂದರೆ ಕೆಳಗಿನ ಹಾಳೆಯೂ ಕತ್ತರಿಸಿ ಸ್ಟಿಕ್ಕರುಗಳು ಬಿಡಿಬಿಡಿಯಾಗಿ ಬರುತ್ತವೆ. ಹಾಫ್ ಕಟ್ಟಿನಲ್ಲಿ ಮೇಲಿನ ಪದರ ಮಾತ್ರ ಕತ್ತರಿಸುತ್ತದೆ, ಕೆಳಗಿನ ಹಾಳೆ ಇಡಿಯಾಗಿ ಉಳಿಯುತ್ತದೆ. ಶೀಟ್ ಆಗಿ ಮಾರಬೇಕಾದರೆ ಹೇಳಬೇಕಾದದ್ದು ಹಾಫ್ ಕಟ್. ಡೈ ಕಟ್ ಶೀಟ್ ಎಂದಷ್ಟೇ ಹೇಳಿ ಬಂದವರ ಕೈಗೆ ಬಿಡಿ ಸ್ಟಿಕ್ಕರುಗಳ ಪೊಟ್ಟಣ ಸಿಕ್ಕರೆ ಅಂಗಡಿಯವರನ್ನು ದೂರುವಂತಿಲ್ಲ. ಕತ್ತರಿಸುವ ಗೆರೆಯನ್ನು ಬೇರೆ ಲೇಯರಿನಲ್ಲಿ, ಚಿತ್ರದಲ್ಲಿಲ್ಲದ ಎದ್ದುಕಾಣುವ ಬಣ್ಣದಲ್ಲಿ ಇಟ್ಟಿದ್ದರೆ ಅವರಿಗೂ ಸಲೀಸು.

ಪೂರ್ತಿ ಕಂತು ತೆಗೆಸುವ ಮುಂಚೆ ಒಂದು ಹಾಳೆ ಕತ್ತರಿಸಿ ನೋಡಬೇಕು. ಅಚ್ಚಿನಲ್ಲಿ ‘ಫಿಟ್ ಟು ಪೇಜ್’ ಆರಿಸದೆ ನೂರಕ್ಕೆ ನೂರು ಅಳತೆಯಲ್ಲೇ ತೆಗೆಯಿರಿ. ಆರೂ ಸ್ಟಿಕ್ಕರುಗಳಲ್ಲಿ ಔಟ್‌ಲೈನ್ ಒಂದೇ ಬದಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಯಂತ್ರದ ಹೊಂದಾಣಿಕೆ ತಪ್ಪಿದೆ, ಅದನ್ನು ಸರಿಪಡಿಸಬಹುದು. ಮೇಲಿನ ಸಾಲು ಸರಿಯಿದ್ದು ಕೆಳಗೆ ಹೋದಂತೆ ತಪ್ಪು ಹೆಚ್ಚುತ್ತಿದ್ದರೆ ಹಾಳೆ ಓರೆಯಾಗಿ ಸಾಗಿದೆ ಅಥವಾ ಜಾರಿದೆ. ಆಮೇಲೆ ಹಾಳೆಯನ್ನು ಮಗುಚಿ ಬೆನ್ನು ನೋಡಿ. ಬೆರಳಿಗೆ ತೆಳ್ಳಗೆ ತಾಗುವ ಗುರುತಿದ್ದರೆ ಬ್ಲೇಡಿನ ಆಳ ಸರಿಯಾಗಿದೆ. ಬೆಳಕಿಗೆ ಹಿಡಿದಾಗ ಗೆರೆಯಲ್ಲಿ ಬೆಳಕು ತೂರಿಬಂದರೆ ಹೆಚ್ಚಾಗಿದೆ. ಕಾಫಿ ಲೋಟವನ್ನು ಮೂಲೆಯಿಂದ ಎತ್ತಿದಾಗ ಸುತ್ತಲಿನ ಹಾಳೆಯೂ ಅಂಟಿಕೊಂಡು ಏಳುತ್ತದೆ ಎಂದಾದರೆ ಆಳ ಸಾಲದು, ಇಲ್ಲವೇ ಬ್ಲೇಡು ಮೊಂಡಾಗಿದೆ.