ಎಂಟ್ರಿ ಆಗದೆ ಸಾಮಾನು ಹೊರಡದು

ಇಆರ್‌ಪಿ ಬರುತ್ತಿದೆ ಎಂದು ಕಾರ್ಖಾನೆಯ ಮಾಲೀಕರು ಸಿಬ್ಬಂದಿಗೆ ಬರೆಯುವ ಪತ್ರದಲ್ಲಿ ನನಗೆ ಸ್ಟೋರಿನ ಸಾಲೇ ಮುಖ್ಯ: ‘ಎಂಟ್ರಿ ಆಗದೆ ಸಾಮಾನು ಹೊರಗೆ ಹೋಗಕೂಡದು.’ ಖರೀದಿ, ಸ್ಟೋರು, ಉತ್ಪಾದನೆ, ಲೆಕ್ಕಪತ್ರ ವಿಭಾಗಗಳೆಲ್ಲ ಒಂದೇ ದಾಖಲೆಯನ್ನು ನಂಬಿ ನಡೆಯುವ ವ್ಯವಸ್ಥೆ ಇದು.

ಪೀಣ್ಯದ ಒಂದು ಲೇತ್ ಕಾರ್ಖಾನೆ ಎಂದುಕೊಳ್ಳಿ. ಸ್ಟೋರಿನಲ್ಲಿ 100 ಉಕ್ಕಿನ ಸರಳುಗಳಿವೆ. 50ಕ್ಕೆ ಇಳಿದರೆ ಹೊಸದು ತರಿಸಬೇಕು. ರಾತ್ರಿ ಪಾಳಿಯವರು 60 ಒಯ್ದು, ಬೆಳಿಗ್ಗೆ ಬರೆದರಾಯಿತು ಎಂದು ಮರೆತರು. ಪರದೆಯಲ್ಲಿ ಇನ್ನೂ 100, ರ‍್ಯಾಕಿನಲ್ಲಿ 40. ಖರೀದಿಯವರಿಗೆ ಸೂಚನೆಯೇ ಹೋಗುವುದಿಲ್ಲ; ಕೆಲವೇ ದಿನಗಳಲ್ಲಿ ಸರಳಿಲ್ಲದೆ ಯಂತ್ರ ನಿಲ್ಲುತ್ತದೆ.

ಹಾಗಾಗಿ ರಾತ್ರಿ ಎಂಟ್ರಿ ಮಾಡುವವರು ಯಾರೆಂದು ಪತ್ರ ಹೇಳಲೇಬೇಕು. ಹಳೆಯ ರಿಜಿಸ್ಟರಿನ ಅಂಕಿಗಳನ್ನೇ ತುಂಬದೆ, ದಾಸ್ತಾನನ್ನು ಕೈಯಾರೆ ಎಣಿಸುವ ದಿನವನ್ನೂ ತಿಳಿಸಬೇಕು.