ಮುಂಗೈ ತಿರುಗಿಸಿ ತೋರಿಸುವ ಅರ್ಜಿ

ಹತ್ತು ಹನ್ನೆರಡು ಜನರಿರುವ ಆನಿಮೇಷನ್ ಸ್ಟುಡಿಯೋದಲ್ಲಿ ಅರ್ಜಿ ಓದಲೆಂದೇ ಯಾರೂ ಇರುವುದಿಲ್ಲ. ರಿಗ್ಗಿಂಗ್ ನೋಡಿಕೊಳ್ಳುವ ಹಿರಿಯರೇ ಕೆಲಸದ ನಡುವೆ ಪತ್ರ ತೆರೆದು, ಡೆಮೊ ರೀಲ್‌ನ ಲಿಂಕ್ ಒತ್ತುತ್ತಾರೆ. ‘ಚಿಕ್ಕಂದಿನಿಂದಲೂ ಆನಿಮೇಷನ್ ಎಂದರೆ ನನಗೆ ಪ್ರಾಣ’ ಎಂಬ ಸಾಲು ಅವರಿಗೆ ಏನನ್ನೂ ತಿಳಿಸದು. ನಾಳೆ ಒಂದು ಪಾತ್ರದ ಕೈ ವಿಕಾರವಾಗಿ ಮಡಚಿಕೊಂಡರೆ ಈ ಹೊಸಬರು ಅದನ್ನು ಸರಿಮಾಡಬಲ್ಲರೇ ಎಂಬುದಷ್ಟೇ ಅವರ ಪ್ರಶ್ನೆ.

ಪಾತ್ರದ ಆಕಾರವನ್ನು ರೂಪಿಸುವವರು ಒಬ್ಬರು, ಅದನ್ನು ನಡೆಸಿ ಕುಣಿಸುವ ಆನಿಮೇಟರ್ ಇನ್ನೊಬ್ಬರು. ಇವರಿಬ್ಬರ ನಡುವೆ ಕೂತವರು ಟೆಕ್ನಿಕಲ್ ಆನಿಮೇಟರ್. ಆಕಾರದೊಳಗೆ ಕೀಲುಗಳನ್ನು ಜೋಡಿಸುವುದು, ಚರ್ಮದ ಪ್ರತಿಯೊಂದು ಬಿಂದು ಯಾವ ಕೀಲಿನ ಜೊತೆ ಎಷ್ಟು ಚಲಿಸಬೇಕೆಂದು ಹಂಚುವುದು, ಆನಿಮೇಟರ್ ಹಿಡಿದೆಳೆಯಲು ಕಂಟ್ರೋಲ್‌ಗಳನ್ನು ಇಡುವುದು ಇವರ ಕೆಲಸ. ಈ ಇಡೀ ಏರ್ಪಾಡಿಗೆ ರಿಗ್ ಎನ್ನುತ್ತಾರೆ.

ಈಗಷ್ಟೇ ಕಲಿಕೆ ಮುಗಿಸಿದ ಒಬ್ಬ ಹುಡುಗಿ ಅರ್ಜಿ ಬರೆಯುತ್ತಿದ್ದಾಳೆ ಎಂದುಕೊಳ್ಳೋಣ. ಪತ್ರ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತದೆ. ಅದರ ಮುಖ್ಯ ಭಾಗವನ್ನು ಕನ್ನಡದಲ್ಲಿ ಹೇಳಿದರೆ ಹೀಗಿದ್ದೀತು: ‘ರೀಲ್‌ನ 0:08ರಲ್ಲಿ ಇರುವುದು ನಾನು ಮಾಯಾದಲ್ಲಿ ಮಾಡಿದ ರಿಗ್. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿದಾಗ ಮಣಿಕಟ್ಟು ಸೊರಗುತ್ತಿತ್ತು. ಮುಂಗೈಗೆ ಎರಡು ಟ್ವಿಸ್ಟ್ ಕೀಲುಗಳನ್ನು ಸೇರಿಸಿ ಅದನ್ನು ಸರಿಪಡಿಸಿದ್ದೇನೆ. ಮಾಡೆಲ್ ನನ್ನದಲ್ಲ, ರಿಗ್ ಮತ್ತು ಸ್ಕಿನ್ನಿಂಗ್ ಪೂರ್ತಿ ನನ್ನದು.’

ನಾಲ್ಕೇ ವಾಕ್ಯ. ಆದರೆ ಓದುವವರಿಗೆ ಇಷ್ಟರಲ್ಲೇ ಬಹಳಷ್ಟು ಸಿಕ್ಕಿತು, ಏಕೆಂದರೆ ಮಣಿಕಟ್ಟಿನ ಈ ಕಾಟ ರಿಗ್ ಮಾಡುವ ಎಲ್ಲರಿಗೂ ಗೊತ್ತು.

ನಮ್ಮ ಅಂಗೈ ಮಗುಚಿಕೊಂಡಾಗ ಮಣಿಕಟ್ಟು ಒಂಟಿಯಾಗಿ ತಿರುಗುವುದಿಲ್ಲ. ಮುಂಗೈಯ ಎರಡು ಎಲುಬುಗಳಲ್ಲಿ ಒಂದು ಇನ್ನೊಂದನ್ನು ದಾಟುತ್ತದೆ, ತಿರುವು ಮೊಣಕೈವರೆಗೂ ಹಂಚಿಹೋಗುತ್ತದೆ. ಸರಳ ರಿಗ್‌ನಲ್ಲಿ ಹಾಗಲ್ಲ. ಮೊಣಕೈ ಕೀಲು ಸುಮ್ಮನಿರುತ್ತದೆ, ಮಣಿಕಟ್ಟಿನ ಕೀಲು ಮಾತ್ರ ತಿರುಗುತ್ತದೆ. ನಡುವಿನ ಚರ್ಮದ ಬಿಂದು ಎರಡನ್ನೂ ಅರ್ಧರ್ಧ ಅನುಸರಿಸಬೇಕಿದ್ದರೆ, ಕಂಪ್ಯೂಟರ್ ಎರಡು ಜಾಗಗಳ ನಡುವೆ ನೇರ ಗೆರೆ ಎಳೆದು ಅದರ ಮಧ್ಯದಲ್ಲಿ ಬಿಂದುವನ್ನು ಇಡುತ್ತದೆ. ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಗೆರೆ ವೃತ್ತದ ಒಳಗೇ ಹಾದುಹೋಗುತ್ತದಷ್ಟೆ. ಹಾಗಾಗಿ 90 ಡಿಗ್ರಿ ತಿರುಗಿಸಿದರೆ ಅಲ್ಲಿ ಕೈಯ ದಪ್ಪ ಸುಮಾರು ಶೇ 71ಕ್ಕೆ ಇಳಿಯುತ್ತದೆ, 180ಕ್ಕೆ ಹೋದರೆ ಪೆಪ್ಪರಮಿಂಟಿನ ಕಾಗದ ತಿರುಚಿದಂತೆ ಕೈ ಒಂದು ಬಿಂದುವಿಗೆ ಕುಗ್ಗಿಬಿಡುತ್ತದೆ.

ಅವಳು ಸೇರಿಸಿದ ಎರಡು ಕೀಲುಗಳು ಈ ತಿರುವನ್ನು ಪಾಲು ಮಾಡಿಕೊಳ್ಳುತ್ತವೆ. ಮಣಿಕಟ್ಟು 90 ಡಿಗ್ರಿ ತಿರುಗಿದಾಗ ಒಂದು 60, ಇನ್ನೊಂದು 30 ತಿರುಗುತ್ತದೆ. ಅಕ್ಕಪಕ್ಕದ ಕೀಲುಗಳ ನಡುವೆ ಈಗ 30 ಡಿಗ್ರಿಯಷ್ಟೇ ಅಂತರ. ದಪ್ಪ ಶೇ 97ರ ಆಸುಪಾಸಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದನ್ನು ರೀಲ್‌ನಲ್ಲಿ ತೋರಿಸುವುದಕ್ಕೂ ಒಂದು ಕ್ರಮ ಬೇಕು. ಎಷ್ಟೋ ಹೊಸಬರು ಸಂಗೀತ ಹಾಕಿ, ಬೆಳಕು ಕೂರಿಸಿ, ಪಾತ್ರವನ್ನು ಕುಣಿಸಿಬಿಡುತ್ತಾರೆ. ಕುಣಿತ ಚೆನ್ನಾಗಿದ್ದರೆ ಮೆಚ್ಚುಗೆ ಆನಿಮೇಷನ್‌ಗೆ ಹೋಗುತ್ತದೆ, ರಿಗ್ ಕಾಣುವುದೇ ಇಲ್ಲ. ಈ ಹುಡುಗಿಯ ರೀಲ್ ಒಂದೂವರೆ ನಿಮಿಷದ್ದು. ಹೆಸರಿನ ಫಲಕ ಸರಿದ ಕೂಡಲೇ ಕೈ ಬರುತ್ತದೆ. ಮೈಗೆ ಚೌಕಳಿ ವಿನ್ಯಾಸ ಹೊದಿಸಿದ್ದಾಳೆ. ಎಡಕ್ಕೆ ಹಳೆಯ ಕೈ, ಬಲಕ್ಕೆ ಹೊಸದು, ಎರಡೂ ಒಟ್ಟಿಗೆ ನಿಧಾನವಾಗಿ ತಿರುಗುತ್ತವೆ. ಎಡಗಡೆ ಚೌಕಗಳು ಮಣಿಕಟ್ಟಿನ ಹತ್ತಿರ ಹಿಂಡಿಕೊಳ್ಳುತ್ತವೆ. ಬಲಗಡೆ ಮುಂಗೈಯುದ್ದಕ್ಕೂ ಸಮನಾಗಿ ಓರೆಯಾಗುತ್ತವೆ. ಆಮೇಲೆ ಚರ್ಮ ಪಾರದರ್ಶಕವಾಗಿ ಕೀಲುಗಳು ಕಾಣುತ್ತವೆ. ಕೊನೆಗೆ ಪಾತ್ರ ಬಾಗಿಲ ಹಿಡಿಯನ್ನು ತಿರುಗಿಸುವ ಒಂದು ಸಣ್ಣ ಶಾಟ್.

ಪತ್ರದಲ್ಲಿ ಇನ್ನೂ ಒಂದು ಸಾಲಿದೆ, ನನ್ನ ಲೆಕ್ಕದಲ್ಲಿ ಅದೇ ಅತ್ಯಂತ ಬೆಲೆಯುಳ್ಳದ್ದು: ‘ಕೈ ತಲೆಯ ಮೇಲೆತ್ತಿದಾಗ ಭುಜ ಇನ್ನೂ ಕುಸಿಯುತ್ತದೆ, ಆ ಭಂಗಿಗೆ ತಿದ್ದುಪಡಿ ಆಕಾರ ಮಾಡುವ ಕೆಲಸ ಬಾಕಿ ಇದೆ.’ ಬಚ್ಚಿಟ್ಟಿದ್ದರೂ ರಿಗ್ ತೆರೆದವರಿಗೆ ಇದು ಅರೆನಿಮಿಷದಲ್ಲಿ ಸಿಗುತ್ತಿತ್ತು. ಮೊದಲೇ ಹೇಳಿದ್ದರಿಂದ, ದೋಷ ಅವಳ ಕಣ್ಣಿಗೆ ಬಿದ್ದಿದೆ, ಮದ್ದೂ ಗೊತ್ತಿದೆ ಎಂದಾಯಿತು.

ಸ್ಟುಡಿಯೋ ಗೇಮ್‌ಗಳನ್ನು ಮಾಡುವಂಥದ್ದಾದರೆ ಅವಳು ಇನ್ನೊಂದು ಲೆಕ್ಕವನ್ನೂ ಬರೆಯಬೇಕಾಗುತ್ತದೆ. ಗೇಮ್‌ನಲ್ಲಿ ಚಿತ್ರ ಆ ಕ್ಷಣದಲ್ಲೇ ಮೂಡಬೇಕು, ಹಾಗಾಗಿ ಒಂದು ಬಿಂದು ಎಷ್ಟು ಕೀಲುಗಳನ್ನು ಅನುಸರಿಸಬಹುದು ಎಂಬುದಕ್ಕೆ ಮಿತಿ ಇಟ್ಟುಕೊಳ್ಳುತ್ತಾರೆ; ನಾಲ್ಕು ಎಂಬುದು ಬಹಳ ಕಾಲದಿಂದ ರೂಢಿಯಲ್ಲಿದೆ. ಎರಡು ಕೈಗಳಿಗೆ ಎರಡೆರಡರಂತೆ ನಾಲ್ಕು ಕೀಲುಗಳು ಹೆಚ್ಚಿದವು, ತೆರೆಯ ಮೇಲೆ ಐವತ್ತು ಪಾತ್ರಗಳಿದ್ದರೆ ಇನ್ನೂರು. ದೂರದ ಪಾತ್ರಗಳಿಗೆ ಅವನ್ನು ಕೈಬಿಡುವ ದಾರಿ ಇದೆಯೇ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ.