ಮೊದಲು ಯಾವ ದರ ಹೇಳಬೇಕು?

ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮನೆಗೇ ಹೋಗಿ ಪಾಠ ಹೇಳುವ ಮೇಷ್ಟ್ರೊಬ್ಬರು ತಿಂಗಳಿಗೆ 3,600 ರೂಪಾಯಿ ಎಂದರೆ, "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸರ್" ಎಂಬ ಮಾತು ತಪ್ಪುವುದಿಲ್ಲ. ಹೋಲಿಸಿ ನೋಡಲು ಆ ತಾಯಿಯ ಮುಂದೆ ಬೇರೆ ಅಂಕಿಯೇ ಇರುವುದಿಲ್ಲವಲ್ಲ!

ಅದೇ ಮೇಷ್ಟ್ರು ಒಂದು ಹಾಳೆಯಲ್ಲಿ ಮೂರು ಪ್ಲಾನ್ ಬರೆದುಕೊಡಲಿ. ಮೇಲೆ ಪ್ರೀಮಿಯಂ: 20 ಪಾಠ, ಭಾನುವಾರ ಪರೀಕ್ಷೆ, 7,000 ರೂಪಾಯಿ. ನಡುವೆ ಸ್ಟ್ಯಾಂಡರ್ಡ್: 12 ಪಾಠ, 15 ದಿನಕ್ಕೊಂದು ಪರೀಕ್ಷೆ, 3,600. ಕೆಳಗೆ ಬೇಸಿಕ್: 8 ಪಾಠ ಮಾತ್ರ, 2,400. ಮೊದಲು ಕಣ್ಣಿಗೆ ಬಿದ್ದ 7,000 ಮನಸ್ಸಿನಲ್ಲಿ ಲಂಗರು ಹಾಕುತ್ತದೆ. 3,600 ಈಗ ಹಗುರವಾಗಿ ಕಾಣುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾಹ್ನಮನ್ 1974ರಲ್ಲಿ ವಿವರಿಸಿದ್ದು ಮನಸ್ಸಿನ ಈ ಓಲುವಿಕೆಯನ್ನೇ.

ಆದರೆ ಪ್ರೀಮಿಯಂ ಬರೀ ತೋರಿಕೆಗೆ ಇರಬಾರದು. ಯಾರಾದರೂ ಅದನ್ನೇ ಕೇಳಿದರೆ ವಾರಕ್ಕೆ ಐದು ಸಂಜೆ ನಿಜಕ್ಕೂ ಬಿಡುವಿರಬೇಕು. ಹಾಳೆ ನೋಡಿದವರು ಮತ್ತೆ ಫೋನೇ ಮಾಡದಿದ್ದರೆ ಮೇಲಿನ ದರ ಆ ಬಡಾವಣೆಗೆ ಹೆಚ್ಚಾಗಿರಬಹುದು. ಎಲ್ಲರೂ ಬೇಸಿಕ್ಕನ್ನೇ ಆರಿಸಿಕೊಂಡರೆ ತಪ್ಪು ನಡುವಿನ ಪ್ಲಾನಿನಲ್ಲಿದೆ: ಎರಡರಲ್ಲೂ ಪಾಠಕ್ಕೆ 300 ರೂಪಾಯಿಯೇ ಬೀಳುವುದರಿಂದ, ತಿದ್ದಿದ ಉತ್ತರಪತ್ರಿಕೆಯೊಂದನ್ನು ತಾಯಿಯ ಕೈಗಿಟ್ಟು ಪರೀಕ್ಷೆಯ ಬೆಲೆಯನ್ನು ಕಾಣಿಸಬೇಕು.